ಹತ್ತು ಅಂಕಿ ಸರಿಯಿದೆ, ಆ ತುದಿಯಲ್ಲಿ ಯಾರಿದ್ದಾರೆ?

ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರು ದೀಪಾವಳಿಗೆ ಮುಂಚೆ ಹಳೆಯ ಗಿರಾಕಿಗಳಿಗೆಲ್ಲ ಮೆಸೇಜ್ ಕಳಿಸಬೇಕೆಂದಿದ್ದಾರೆ ಎಂದುಕೊಳ್ಳಿ. ಮಕ್ತಲ್, ಗದ್ವಾಲ, ರಾಯಚೂರಿನ ಗಿರಾಕಿಗಳ ನಂಬರುಗಳು ಹತ್ತು ವರ್ಷಗಳಿಂದ ಅವರ ಲೆಕ್ಕದ ಪುಸ್ತಕದಲ್ಲಿವೆ.

ಮೊದಲ ಪರೀಕ್ಷೆ ಅಂಕಿಗಳದು. ನಮ್ಮ ಮೊಬೈಲ್ ನಂಬರಿಗೆ ಹತ್ತು ಅಂಕಿ ಇರಬೇಕು, ಮೊದಲನೆಯದು 6, 7, 8 ಅಥವಾ 9 ಆಗಿರಬೇಕು. ಒಂದೇ ನಂಬರು ಒಮ್ಮೆ 0 ಸೇರಿಸಿ, ಇನ್ನೊಮ್ಮೆ 91 ಸೇರಿಸಿ ಎರಡು ಕಡೆ ಬರೆದಿದ್ದರೆ ಒಂದನ್ನು ತೆಗೆಯಬೇಕು. ಇಷ್ಟರಿಂದ ನಂಬರಿನ ರೂಪ ಸರಿಯಿದೆ ಎಂದಷ್ಟೇ ತಿಳಿಯುತ್ತದೆ. ಅದರ ಸಿಮ್ ಇಂದಿಗೂ ಚಾಲ್ತಿಯಲ್ಲಿದೆಯೇ ಎಂಬುದು ತಿಳಿಯುವುದಿಲ್ಲ.

ಅದಕ್ಕೆ ಇರುವುದು ಎಚ್‌ಎಲ್‌ಆರ್ ಲುಕಪ್. ಪ್ರತಿ ಮೊಬೈಲ್ ಕಂಪನಿಯೂ ತನ್ನ ಚಂದಾದಾರರ ದಾಖಲೆಯನ್ನು ಹೋಮ್ ಲೊಕೇಶನ್ ರಿಜಿಸ್ಟರ್‌ನಲ್ಲಿ ಇಟ್ಟಿರುತ್ತದೆ. ‘ಈ ನಂಬರಿಗೆ ಎಸ್‌ಎಂಎಸ್ ಬಂದರೆ ಎಲ್ಲಿಗೆ ಮುಟ್ಟಿಸಲಿ?’ ಎಂದು ಲುಕಪ್ ಆ ದಾಖಲೆಯನ್ನು ಕೇಳುತ್ತದೆ. ಎಸ್‌ಎಂಎಸ್ ಕಳಿಸುವುದಿಲ್ಲವಾದ್ದರಿಂದ ಫೋನು ಸದ್ದು ಮಾಡುವುದಿಲ್ಲ. ಯಾವ ಕಂಪನಿಯನ್ನು ಕೇಳಬೇಕೆಂದು ಮೊದಲ ಅಂಕಿಗಳನ್ನು ನೋಡಿ ಹೇಳಲಾಗದು. 2011ರ ಜನವರಿಯಿಂದ ದೇಶದೆಲ್ಲೆಡೆ ನಂಬರು ಉಳಿಸಿಕೊಂಡು ಕಂಪನಿ ಬದಲಿಸಬಹುದು. 2015ರ ಜುಲೈಯಿಂದ ರಾಯಚೂರಿನಲ್ಲಿ ಕೊಂಡ ನಂಬರನ್ನು ತೆಲಂಗಾಣಕ್ಕೂ ವರ್ಗಾಯಿಸಿಕೊಳ್ಳಬಹುದು. ಹಾಗಾಗಿ ಪೋರ್ಟಿಂಗ್ ದಾಖಲೆಯನ್ನು ಮೊದಲು ನೋಡಬೇಕಾಗುತ್ತದೆ.

‘ಇಂಥ ಚಂದಾದಾರರಿಲ್ಲ’ ಎಂದು ಉತ್ತರ ಬಂದರೆ ನಂಬರನ್ನು ಪಟ್ಟಿಯಿಂದ ತೆಗೆಯಬಹುದು. ‘ಸದ್ಯ ಸಿಗುತ್ತಿಲ್ಲ’ ಎಂದು ಬಂದರೆ ಅವಸರ ಬೇಡ. ಫೋನು ಆಫ್ ಆಗಿರಬಹುದು, ಸಿಗ್ನಲ್ ಇಲ್ಲದ ಕಡೆ ಇರಬಹುದು. ಎರಡು ದಿನ ಬಿಟ್ಟು, ಬೇರೆ ಹೊತ್ತಿನಲ್ಲಿ ಮತ್ತೆ ಕೇಳಬೇಕು. ಕೆಲವು ಜಾಲಗಳು ಹೊರಗಿನವರಿಗೆ ಪೂರ್ತಿ ಉತ್ತರ ಕೊಡುವುದೂ ಇಲ್ಲ.

ನಿಜವಾಗಿ ಮೋಸಹೋಗುವುದು ‘ಚಾಲ್ತಿಯಲ್ಲಿದೆ’ ಎಂಬ ಉತ್ತರದಲ್ಲಿ. ಮಕ್ತಲ್‌ನ ಗಿರಾಕಿಯೊಬ್ಬರು ದುಡಿಯಲು ಬೆಂಗಳೂರಿಗೆ ವಲಸೆ ಹೋಗಿ ಹೊಸ ಸಿಮ್ ಕೊಂಡರು, ಹಳೆಯದನ್ನು ಹಾಗೇ ಬಿಟ್ಟರು ಎನ್ನಿ. ಬ್ಯಾಲೆನ್ಸೂ ಇಲ್ಲದ ಪ್ರೀಪೇಯ್ಡ್ ಸಿಮ್ 90 ದಿನ ಬಳಕೆಯಾಗದಿದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ನಿಂತ ಮೇಲೆ ಕನಿಷ್ಠ 90 ದಿನ ಕಳೆದರೆ ಅದೇ ನಂಬರನ್ನು ಬೇರೆಯವರಿಗೆ ಕೊಡಬಹುದು. ಆರೇಳು ತಿಂಗಳಲ್ಲಿ ಆ ನಂಬರು ಮತ್ತೆ ರಿಂಗಾಗುತ್ತದೆ, ಎತ್ತುವವರು ಮಾತ್ರ ಬೇರೆ. ಲುಕಪ್ ಸಿಮ್ಮನ್ನು ಕಾಣುತ್ತದೆ, ಮನುಷ್ಯನನ್ನು ಕಾಣುವುದಿಲ್ಲ.

ಹೀಗೆ ರದ್ದಾದ ನಂಬರುಗಳಿಗೆಂದೇ ಸರ್ಕಾರದ ಒಂದು ಪಟ್ಟಿಯಿದೆ, ಎಂಎನ್‌ಆರ್‌ಎಲ್. ಗ್ರಾಹಕರ ನಂಬರುಗಳನ್ನು ಅದರೊಂದಿಗೆ ತಾಳೆ ನೋಡಿ ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಜಾಹೀರಾತು ಬೇಡವೆಂದು ಡಿಎನ್‌ಡಿ ಹಾಕಿಸಿದವರನ್ನು ಬಿಡುವ ‘ಸ್ಕ್ರಬ್ಬಿಂಗ್’ ಇದಕ್ಕಿಂತ ಬೇರೆಯದೇ ಜರಡಿ.

ನಮ್ಮ ಸೀರೆ ವ್ಯಾಪಾರಿಗೆ ಇದರಲ್ಲೊಂದು ಸುಲಭದ ಕೆಲಸವಿದೆ. ಪುಸ್ತಕದಲ್ಲಿ ನಂಬರಿನ ಪಕ್ಕ, ಆ ಗಿರಾಕಿ ಕೊನೆಯ ಸಲ ಮಾತಾಡಿದ ತಾರೀಖನ್ನು ಬರೆದಿಡಬೇಕು. ತಾರೀಖು ಆರು ತಿಂಗಳಿಗಿಂತ ಹಳೆಯದಾಗಿದ್ದರೆ ಮೆಸೇಜಿಗೆ ಮುಂಚೆ ಒಂದು ಕರೆ ಮಾಡಿ, ಹೆಸರು ಕೇಳಬೇಕು.