ತೂಗುಮಂಚದ ಸರಪಳಿ ಎಲ್ಲಿ ಹೋಯಿತು?

ತೊಟ್ಟಿ ಮನೆಯೊಂದನ್ನು ಹೊಸದಾಗಿ ಕಟ್ಟಿಸಬೇಕೆಂದಿದ್ದ ದಂಪತಿಗೆ ತೋರಿಸಲು ಒಂದು ಚಿತ್ರ ಬೇಕಿತ್ತು. ನಕ್ಷೆ ಸಿದ್ಧವಾಗಿತ್ತು. ಒಳಗೆ ನಿಂತರೆ ಮನೆ ಹೇಗೆ ಕಂಡೀತು ಎಂಬುದಷ್ಟೇ ಅವರ ಕುತೂಹಲ. ಕಂಪ್ಯೂಟರಿನಲ್ಲಿ ಸ್ಟೇಬಲ್ ಡಿಫ್ಯೂಷನ್ ತೆರೆದು, ಕೆತ್ತನೆಯ ಕಂಬ, ರೆಡ್ ಆಕ್ಸೈಡ್ ನೆಲ, ಹಿತ್ತಾಳೆ ಸರಪಳಿಯ ತೂಗುಮಂಚ ಎಂದೆಲ್ಲ ಬರೆದುಕೊಟ್ಟೆ. ಅರ್ಧ ನಿಮಿಷದಲ್ಲಿ ಚಿತ್ರ ಬಂತು. ದೂರದಿಂದ ನೋಡಿದರೆ ಸೊಗಸು. ಹತ್ತಿರ ಹೋದರೆ ಎಡಗಡೆಯ ಕಂಬ ನಡುವಿನಲ್ಲಿ ಬಳುಕಿತ್ತು. ಮೂಲೆಯ ಕುರ್ಚಿಯ ಕಾಲು ನೆಲಕ್ಕೆ ತಾಗಿರಲಿಲ್ಲ. ಬೋದಿಗೆಯ ಕೆತ್ತನೆ ಬಿಸಿಲಿಗಿಟ್ಟ ಮೇಣದಂತೆ ಇಳಿದಿತ್ತು.

ಇಂಥ ತಪ್ಪುಗಳಿಗೆ ಮದ್ದು ಎಂದು ಎಲ್ಲರೂ ಮೊದಲು ಹೇಳುವುದು ನೆಗೆಟಿವ್ ಪ್ರಾಂಪ್ಟ್. ಏನು ಬೇಕು ಎಂದು ಬರೆಯುವ ಪೆಟ್ಟಿಗೆಯ ಕೆಳಗೆ ಏನು ಬೇಡ ಎಂದು ಬರೆಯಲು ಇನ್ನೊಂದು ಪೆಟ್ಟಿಗೆ ಇರುತ್ತದೆ. ಕೈಯಿಂದ ಕೈಗೆ ದಾಟಿ ಬಂದ ಒಂದು ಪಟ್ಟಿಯನ್ನು ನಾನೂ ಅಲ್ಲಿ ಅಂಟಿಸಿದೆ:

```
ugly, bad anatomy, extra fingers, warped lines,
floating furniture, melted details
```

ಮನೆಯಲ್ಲಿ ನರಪಿಳ್ಳೆಯಿಲ್ಲ, ಹೆಚ್ಚುವರಿ ಬೆರಳು ಬೇಡ ಎಂಬ ಅಪ್ಪಣೆ ಬೇರೆ! ಮರುಚಿತ್ರದಲ್ಲಿ ಕಂಬದ ಬಳುಕು ಹಾಗೇ ಇತ್ತು. ಕುರ್ಚಿ ಮಾಯವಾಗಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ತೂಗುಮಂಚ ಸರಪಳಿ ಕಳಚಿಕೊಂಡು ನೆಲದ ಮೇಲೆ ಸಾದಾ ಮಂಚವಾಗಿ ಕೂತಿತ್ತು.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಆ ಎರಡನೆಯ ಪೆಟ್ಟಿಗೆ ಒಳಗೆ ಏನು ಮಾಡುತ್ತದೆಂದು ನೋಡಬೇಕು. ಅದು ರಬ್ಬರ್ ಅಲ್ಲ. ಮೂಡಿದ ಚಿತ್ರದಲ್ಲಿ ತಪ್ಪು ಹುಡುಕಿ ಅಳಿಸುವುದಿಲ್ಲ. ಈ ತಂತ್ರಾಂಶ ಮೊದಲಿಗೆ ಹಳೆಯ ಟೀವಿಯ ಕಚಪಚ ಚುಕ್ಕೆಗಳಂಥ ಪರದೆಯೊಂದನ್ನು ಇಟ್ಟುಕೊಂಡು, ಇಪ್ಪತ್ತು ಮೂವತ್ತು ಹೆಜ್ಜೆಗಳಲ್ಲಿ ಚುಕ್ಕೆಗಳನ್ನು ತೆಗೆಯುತ್ತಾ ಚಿತ್ರಕ್ಕೆ ಬರುತ್ತದೆ. ಪ್ರತಿ ಹೆಜ್ಜೆಯಲ್ಲೂ ಎರಡು ಸಲ ಊಹಿಸುತ್ತದೆ: ನೀವು ಬರೆದದ್ದನ್ನು ಓದಿಕೊಂಡು ಒಮ್ಮೆ, ಏನೂ ಬರೆಯದ ಖಾಲಿ ವಾಕ್ಯ ಹಿಡಿದು ಇನ್ನೊಮ್ಮೆ. ಇವೆರಡರ ನಡುವಿನ ಅಂತರವನ್ನು ಏಳರಷ್ಟೋ ಎಂಟರಷ್ಟೋ ಹಿಗ್ಗಿಸಿ ಆ ದಿಕ್ಕಿಗೆ ಹೆಜ್ಜೆ ಇಡುತ್ತದೆ. ನೆಗೆಟಿವ್ ಪ್ರಾಂಪ್ಟ್ ಬರೆದರೆ ಅದು ಆ ಖಾಲಿ ವಾಕ್ಯದ ಜಾಗದಲ್ಲಿ ಬಂದು ಕೂರುತ್ತದೆ, ಅಷ್ಟೇ.

```
neg + 7 × (pos − neg)
```

ಆ ಏಳಕ್ಕೆ ಪರದೆಯ ಮೇಲೆ `CFG Scale` ಎಂಬ ಹೆಸರಿದೆ. ಅದನ್ನು 1ಕ್ಕೆ ಇಳಿಸಿದರೆ ಲೆಕ್ಕದಲ್ಲಿ `neg` ವಜಾ ಆಗಿ `pos` ಮಾತ್ರ ಉಳಿಯುತ್ತದೆ. ನಾಲ್ಕೇ ಹೆಜ್ಜೆಗಳಲ್ಲಿ ಚಿತ್ರ ಕೊಡುವ ವೇಗದ ಮಾದರಿಗಳಲ್ಲಿ ಬಹಳಷ್ಟು ನಡೆಯುವುದು ಹೀಗೆಯೇ. ಅಲ್ಲಿ ಬೇಡದ ಪಟ್ಟಿ ಎಷ್ಟುದ್ದ ಬರೆದರೂ ಗೋಡೆಗೆ ಹೇಳಿದಂತೆ.

ಅಂದರೆ ಇದು ಒಂದು ಮಾತಿನಿಂದ ದೂರ ಸರಿಯುವ ಕೆಲಸ. ದೂರ ಸರಿಯಬೇಕಾದರೆ ಆ ಮಾತಿನ ಅರ್ಥ ಮಾದರಿಗೆ ಗೊತ್ತಿರಬೇಕು. ಅದು ಕಲಿತದ್ದು ಅಂತರಜಾಲದ ಚಿತ್ರಗಳು ಮತ್ತು ಅವುಗಳ ಜೊತೆಗಿದ್ದ ಬರಹದಿಂದ. ತನ್ನ ಮನೆಯ ಫೋಟೋಗೆ ‘ಇಲ್ಲಿ ಗೆರೆ ಸೊಟ್ಟಗಿದೆ’ ಎಂದು ಯಾರು ತಾನೇ ಬರೆಯುತ್ತಾರೆ? ಹಾಗಾಗಿ `warped lines` ಎಂಬುದರ ಹಿಡಿತ ಸಡಿಲ. ಆದರೆ ಛಾಯಾಗ್ರಾಹಕರು ಮಸೂರದ ಹೆಸರು ಬರೆಯುತ್ತಾರೆ. ಮೀನುಗಣ್ಣಿನ ಲೆನ್ಸಿನಲ್ಲಿ ಗೋಡೆಗಳು ಬಾಗಿ ಕಾಣುತ್ತವೆ, ಅಂಥ ಫೋಟೋಗಳ ಕೆಳಗೆ `fisheye` ಎಂದೇ ಇರುತ್ತದೆ. ಆ ಪದದಿಂದ ದೂರ ಸರಿ ಎಂದರೆ ಮಾದರಿಗೆ ದಿಕ್ಕು ತಿಳಿಯುತ್ತದೆ.

`floating furniture` ಕಥೆ ಇನ್ನೂ ಸ್ವಾರಸ್ಯದ್ದು. ಒಳಾಂಗಣ ವಿನ್ಯಾಸದವರಿಗೆ ಅದು ತಪ್ಪಿನ ಹೆಸರೇ ಅಲ್ಲ. ಕಾಲಿಲ್ಲದೆ ಗೋಡೆಗೇ ಕೂರಿಸಿದ ಶೆಲ್ಫು, ಟೀವಿ ಕ್ಯಾಬಿನೆಟ್ಟುಗಳನ್ನು ಅವರು ಹಾಗೆ ಕರೆಯುತ್ತಾರೆ. ಸಾಲದ್ದಕ್ಕೆ ಆ ಮಾತಿನಲ್ಲಿ ಪೀಠೋಪಕರಣ ಎಂಬ ಪದವೇ ಇದೆ. ಅದರಿಂದ ದೂರ ಸರಿದರೆ ಕೋಣೆಯೇ ಬರಿದಾಗಬಹುದು. ನನ್ನ ಕುರ್ಚಿ ಹೋದದ್ದು ಹೀಗೆ. ಇನ್ನು ತೂಗುಮಂಚ, ಪಾಪ, ನಿಜವಾಗಿಯೂ ನೆಲ ಬಿಟ್ಟು ತೂಗುವ ವಸ್ತು. ಬೇಡ ಎಂದವನು ನಾನೇ.

ಪಟ್ಟಿಯನ್ನು ಹೀಗೆ ಬದಲಿಸಿದೆ:

```
fisheye lens, tilted camera, blurry,
painting, sketch
```

ಕುರ್ಚಿಯ ವಿಷಯವನ್ನು ಬೇಡದ ಪೆಟ್ಟಿಗೆಯಿಂದ ತೆಗೆದು ಬೇಕಾದ ಪೆಟ್ಟಿಗೆಗೆ ಸಾಗಿಸಿದೆ: ಮರದ ಕುರ್ಚಿ ಕೆಂಪು ನೆಲದ ಮೇಲೆ ಇದೆ, ಕಾಲಿನ ಬುಡದಲ್ಲಿ ನೆರಳಿದೆ, ಎಂದು. ವಸ್ತು ತೇಲಿದಂತೆ ಕಾಣುವುದು ಬಹಳ ಸಲ ಆ ಬುಡದ ಕಪ್ಪು ನೆರಳು ಇಲ್ಲದ್ದಕ್ಕೇ. ಹೋಲಿಸಿ ನೋಡುವಾಗ `Seed` ಸಂಖ್ಯೆಯನ್ನು ಬದಲಿಸಕೂಡದು. ಅದೊಂದು ಬದಲಾದರೆ ಆರಂಭದ ಚುಕ್ಕೆಗಳೇ ಬೇರೆಯಾಗಿ, ಚಿತ್ರ ಸುಧಾರಿಸಿದ್ದು ಪದದಿಂದಲೋ ಅದೃಷ್ಟದಿಂದಲೋ ತಿಳಿಯುವುದಿಲ್ಲ. ಒಂದೇ ಸೀಡಿನಲ್ಲಿ ಒಂದೊಂದೇ ಪದ ತೆಗೆದು ನೋಡಿದರೆ, ಅರ್ಧ ಪಟ್ಟಿ ಸುಮ್ಮನೆ ಕೂತಿರುವುದು ಗೊತ್ತಾಗುತ್ತದೆ.

ಕುರ್ಚಿ ಈಗ ನೆಲಕ್ಕೆ ಇಳಿದಿತ್ತು, ತೂಗುಮಂಚ ಮತ್ತೆ ಮೇಲೇರಿತ್ತು. ಎಡಗಡೆಯ ಕಂಬ ಮಾತ್ರ ಪೂರ್ತಿ ದಾರಿಗೆ ಬರಲಿಲ್ಲ. ಗಾರೆಯವರು ದಾರಕ್ಕೆ ಗುಂಡು ಕಟ್ಟಿ ಗೋಡೆ ನೋಡುವಂತೆ, ನಾನು ಪರದೆಯ ಮೇಲೆ ಸ್ಕೇಲು ಹಿಡಿದು ನೋಡಿದೆ. ಬುಡಕ್ಕೂ ತುದಿಗೂ ಸರಿಯಿದ್ದ ಗೆರೆ ನಡುವೆ ಒಂದಿಷ್ಟು ಹೊರಬಿದ್ದಿತ್ತು. ಮಾದರಿಗೆ ರೇಖಾಗಣಿತ ಗೊತ್ತಿಲ್ಲ, ಕಂಬಗಳು ಸಾಮಾನ್ಯವಾಗಿ ಹೇಗೆ ಕಾಣುತ್ತವೆ ಎಂಬ ಅಂದಾಜು ಮಾತ್ರ ಗೊತ್ತು. ಇಲ್ಲಿ ಮಾತು ಸಾಲದು, ಗೆರೆಯನ್ನೇ ಕೊಡಬೇಕು. ಕಂಟ್ರೋಲ್‌ನೆಟ್ ಎಂಬ ಸಲಕರಣೆಯಲ್ಲಿ `MLSD` ಎಂಬ ಆಯ್ಕೆಯಿದೆ. ನಕ್ಷೆಯಿಂದ ಮಾಡಿದ ಮೂರು ಆಯಾಮದ ಮಾದರಿಯ ಚಿತ್ರ ಕೊಟ್ಟರೆ ಅದರಲ್ಲಿನ ನೇರ ಗೆರೆಗಳನ್ನು ಮಾತ್ರ ಹೆಕ್ಕಿ, ಅವುಗಳ ಮೇಲೆಯೇ ಚಿತ್ರ ಬೆಳೆಯುವಂತೆ ಅದು ಹಿಡಿದಿಡುತ್ತದೆ. ಕಂಬ ನೆಟ್ಟಗಾಯಿತು. ಅದರ ಕಣ್ಣಿಗೆ ಕಮಾನು ಬೀಳುವುದಿಲ್ಲವೆಂಬುದನ್ನು ಮರೆಯಬಾರದು. ಕಮಾನಿನ ಬಾಗಿಲಿದ್ದರೆ ಬೇರೆ ಆಯ್ಕೆ ಹುಡುಕಬೇಕು.

ಉಳಿದದ್ದು ಕರಗಿದ ಕೆತ್ತನೆ. ಇದಕ್ಕೆ ಯಾವ ಬೇಡದ ಪದವೂ ನಾಟದಿರುವುದಕ್ಕೆ ಕಾರಣವಿದೆ. ಈ ತಂತ್ರಾಂಶ ಚಿತ್ರವನ್ನು ಚಿತ್ರವಾಗಿಯೇ ಬಿಡಿಸುವುದಿಲ್ಲ. ಉದ್ದಕ್ಕೆ 8, ಅಡ್ಡಕ್ಕೆ 8 ಪಿಕ್ಸೆಲ್ಲಿನ ಒಂದೊಂದು ಚೌಕವನ್ನೂ ಒಂದೊಂದು ಮನೆಯಾಗಿ ಕುಗ್ಗಿಸಿ, ಆ ಚಿಕ್ಕ ಹಾಸಿನ ಮೇಲೆ ಕೆಲಸ ಮಾಡಿ, ಕೊನೆಗೆ ಹಿಗ್ಗಿಸುತ್ತದೆ. 1024 ಪಿಕ್ಸೆಲ್ ಅಗಲದ ಚಿತ್ರ ಒಳಗೆ 128 ಮನೆಗಳಷ್ಟೇ. ನನ್ನ ಸರಪಳಿಯ ಒಂದೊಂದು ಕೊಂಡಿ ಐದೋ ಆರೋ ಪಿಕ್ಸೆಲ್ ಇತ್ತು. ಒಂದು ಮನೆಯನ್ನೂ ತುಂಬದ ಕೊಂಡಿ ದುಂಡಗೆ ಮೂಡಲಿ ಎಂದರೆ ಅಕ್ಕಿಕಾಳಿನ ಮೇಲೆ ಸುಣ್ಣದ ಬ್ರಷ್ಷಿನಲ್ಲಿ ಬರೆ ಎಂದಂತೆ.

ಪರಿಹಾರ ಪದವಲ್ಲ, ಜಾಗ. ಬೋದಿಗೆಯ ಸುತ್ತ ಮಾತ್ರ ಮಸಿ ಬಳಿದು, `Only masked` ಆಯ್ಕೆ ಒತ್ತಿದರೆ ಆ ತುಂಡನ್ನಷ್ಟೇ ದೊಡ್ಡದು ಮಾಡಿ ಮತ್ತೆ ಬಿಡಿಸಿ, ಕುಗ್ಗಿಸಿ ಅಲ್ಲೇ ಕೂರಿಸುತ್ತದೆ. ಇನ್ನೂರು ಪಿಕ್ಸೆಲ್ಲಿನ ಕೆತ್ತನೆಗೆ ಸಾವಿರ ಪಿಕ್ಸೆಲ್ಲಿನ ಅಂಗಳ ಸಿಕ್ಕಿತು. `Denoising strength` 0.4ರ ಆಸುಪಾಸಿನಲ್ಲಿಟ್ಟೆ. ಹೆಚ್ಚಿಸಿದರೆ ಪಕ್ಕದ ಬೋದಿಗೆಗೆ ಹೊಂದದ ಹೊಸ ಕೆತ್ತನೆಯೇ ಹುಟ್ಟಿಕೊಳ್ಳುತ್ತಿತ್ತು. ಸರಪಳಿಗೂ ಹಾಗೇ ಮಾಡಿದೆ. ಈಗ ಕೊಂಡಿಗಳನ್ನು ಎಣಿಸಬಹುದಿತ್ತು.

ಚಿತ್ರ ಹಿಡಿದು ಹೋದೆ. ದಂಪತಿಗೆ ಒಪ್ಪಿಗೆಯಾಯಿತು. ಅಲ್ಲೇ ನಿಂತಿದ್ದ ವಯಸ್ಸಾದ ಬಡಗಿಯೊಬ್ಬರು ಕನ್ನಡಕ ಏರಿಸಿ ಒಂದು ಕ್ಷಣ ನೋಡಿದರು.

‘ಚೆನ್ನಾಗೈತೆ ಸ್ವಾಮಿ. ಆದ್ರೆ ಮಂಚನ ಜಂತೆಗೆ ನೇತು ಹಾಕಿದ್ದೀರಲ್ಲ? ತೊಲೆಗೆ ಹಾಕ್ಬೇಕು. ಇದ್ರಾಗೆ ಇಬ್ರು ಕೂತ್ರೆ ಸೂರೇ ಕೆಳಗ್ ಬರ್ತದೆ.’