ಸಾಲ ಪೂರ್ತಿ ಕಟ್ಟಿದರೂ ಬ್ಯಾಂಕಿನಲ್ಲಿ ಬಾಕಿ ಏಕೆ ತೋರಿಸುತ್ತದೆ?

ಅಡಿಕೆ, ಕೊಬ್ಬರಿ ಅಥವಾ ಈರುಳ್ಳಿ ಮಾರಿದ ಹಣ ಕೈಗೆ ಬಂದಾಗ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ರೈತರಲ್ಲಿ ಅನೇಕರು ಮೊದಲು ಮಾಡುವ ಕೆಲಸ ಬೆಳೆಸಾಲ ತೀರಿಸುವುದು. ಪಾಸ್‌ಬುಕ್ ನೋಡಿ, ಅದರಲ್ಲಿರುವಷ್ಟು ಹಣ ಕಟ್ಟಿ, ರಸೀದಿ ಪಡೆದು ಮನೆಗೆ ಬರುತ್ತಾರೆ. ಮುಂದೊಂದು ದಿನ ಜಮೀನು ಭಾಗ ಮಾಡಿಸಲು ಪಹಣಿ ತೆಗೆಸಿದರೆ ಅದರಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಇರುತ್ತದೆ. ಬ್ಯಾಂಕಿಗೆ ಹೋಗಿ ಕೇಳಿದರೆ ಇನ್ನೂ ಬಾಕಿ ಇದೆ ಎನ್ನುತ್ತಾರೆ. ಹೀಗಾಗಲು ಕಾರಣವೇನು ಎಂದು ನೋಡೋಣ.

ಪಾಸ್‌ಬುಕ್‌ನಲ್ಲಿ ಕಾಣುವ ಮೊತ್ತವೇ ಪೂರ್ತಿ ಸಾಲ ಎಂಬುದು ತಪ್ಪು ತಿಳಿವಳಿಕೆ. ಬಡ್ಡಿ ಪ್ರತಿದಿನ ಬೆಳೆಯುತ್ತದೆ, ಆದರೆ ಖಾತೆಗೆ ಅದನ್ನು ಸೇರಿಸುವುದು ನಿಗದಿತ ದಿನದಲ್ಲಿ ಮಾತ್ರ. ಬೆಳೆಸಾಲದಲ್ಲಿ ಈ ಅಂತರ ಹಲವು ತಿಂಗಳು ಇರಬಹುದು. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಾಕಿ 1,50,000 ರೂಪಾಯಿ, ಬಡ್ಡಿ ಶೇ. 7, ಕೊನೆಯ ಬಾರಿ ಬಡ್ಡಿ ಸೇರಿಸಿದ್ದು ಮಾರ್ಚ್ 31ಕ್ಕೆ. ರೈತರು ಜೂನ್ 18ರಂದು 1,50,000 ಕಟ್ಟಿದರು. ನಡುವೆ ಕಳೆದ 79 ದಿನಗಳ ಬಡ್ಡಿ ಸುಮಾರು 2,273 ರೂಪಾಯಿ. ಪಾಸ್‌ಬುಕ್ ಅಂದು ಸೊನ್ನೆ ತೋರಿಸಿದರೂ ಮುಂದಿನ ಬಾರಿ ಬಡ್ಡಿ ಸೇರಿಸುವಾಗ ಈ ಮೊತ್ತ ಬಾಕಿಯಾಗಿ ಬರುತ್ತದೆ.

ಎರಡನೆಯ ಕಾರಣ, ಖಾತೆ ಮುಚ್ಚದೇ ಇರುವುದು. ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲದಲ್ಲಿ ಕಟ್ಟಿದ ಹಣವನ್ನು ಮಿತಿಯೊಳಗೆ ಮತ್ತೆ ತೆಗೆಯಬಹುದು. ಹಾಗಾಗಿ ಬಾಕಿ ಸೊನ್ನೆಯಾದರೂ ಖಾತೆ ಚಾಲ್ತಿಯಲ್ಲೇ ಉಳಿಯುತ್ತದೆ. ಚಾಲ್ತಿಯಲ್ಲಿರುವ ಖಾತೆಗೆ ಬೆಳೆವಿಮೆಯ ಕಂತು ಅಥವಾ ಬ್ಯಾಂಕಿನ ಶುಲ್ಕ ಖರ್ಚು ಬಿದ್ದರೆ ಮತ್ತೆ ಸಾಲ ಶುರುವಾಗುತ್ತದೆ. ಬೆಳೆವಿಮೆ ಬೇಡವೆನ್ನುವವರು ನೋಂದಣಿಯ ಕೊನೆಯ ದಿನಕ್ಕಿಂತ ಕನಿಷ್ಠ 7 ದಿನ ಮುಂಚೆ ಬ್ಯಾಂಕಿಗೆ ಬರೆದುಕೊಡಬೇಕು.

ಆದ್ದರಿಂದ ಕಟ್ಟುವ ದಿನ ಪಾಸ್‌ಬುಕ್ ನೋಡುವುದರ ಬದಲು ಶಾಖೆಯಲ್ಲಿ ಒಂದು ಪ್ರಶ್ನೆ ಕೇಳಬೇಕು: "ಈ ದಿನಕ್ಕೆ ಬಡ್ಡಿ ಸೇರಿ ಖಾತೆ ಮುಚ್ಚಲು ಎಷ್ಟಾಗುತ್ತದೆ?" ಆ ಮೊತ್ತವನ್ನು ಬರೆಸಿಕೊಂಡು ಅಂದೇ ಕಟ್ಟಬೇಕು. ಜೊತೆಗೆ ಖಾತೆ ಮುಚ್ಚಿ ಬೇಬಾಕಿ ಪತ್ರ ಕೊಡಿ ಎಂದು ಎರಡು ಪ್ರತಿ ಅರ್ಜಿ ಬರೆದು, ಒಂದರ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಬೇಕು. ಈಗಾಗಲೇ ಬಾಕಿ ಬಂದಿದ್ದರೆ ಖಾತೆಯ ಪೂರ್ತಿ ವಿವರಪಟ್ಟಿ ಪಡೆದು, ನಿಮ್ಮ ಕೊನೆಯ ರಸೀದಿಯ ನಂತರದ ಸಾಲುಗಳನ್ನು ಮಾತ್ರ ನೋಡಿ. ಅದು ಬಡ್ಡಿಯೋ, ವಿಮೆಯೋ, ಶುಲ್ಕವೋ ಅಲ್ಲೇ ತಿಳಿಯುತ್ತದೆ. ನೀವು ಕಟ್ಟಿದ ಹಣವೇ ಅದರಲ್ಲಿ ಇಲ್ಲದಿದ್ದರೆ ಅದು ಬೇರೆ ಖಾತೆಗೆ ಜಮೆಯಾಗಿರಬಹುದು. ಆಗ ರಸೀದಿಯ ಪ್ರತಿಯನ್ನು ದೂರಿನೊಂದಿಗೆ ಕೊಡಬೇಕು.

ಬೇಬಾಕಿ ಪತ್ರದಲ್ಲಿ ಸಾಲದ ಖಾತೆ ಸಂಖ್ಯೆ, ಮುಚ್ಚಿದ ದಿನಾಂಕ, ಅಡವಿಟ್ಟ ಜಮೀನಿನ ಸರ್ವೆ ನಂಬರು ಇರಲೇಬೇಕು. "ಯಾವುದೇ ಬಾಕಿ ಇಲ್ಲ" ಎಂದಷ್ಟೇ ಬರೆದ, ಖಾತೆ ಸಂಖ್ಯೆ ಇಲ್ಲದ ಪತ್ರ ಮುಂದೆ ಉಪಯೋಗಕ್ಕೆ ಬರುವುದು ಕಷ್ಟ.

ಪತ್ರ ಕೈಗೆ ಬಂದ ಮಾತ್ರಕ್ಕೆ ಪಹಣಿ ತಾನಾಗಿ ಸರಿಯಾಗುವುದಿಲ್ಲ. ಪಹಣಿಯ 11ನೇ ಕಾಲಂನಲ್ಲಿರುವ ಋಣವನ್ನು ಬ್ಯಾಂಕ್ ಬಿಡುಗಡೆ ಮಾಡಿ, ಅದು ಭೂಮಿ ದಾಖಲೆಯಲ್ಲಿ ಬದಲಾಗಬೇಕು. ಬಿಡುಗಡೆ ಕಳುಹಿಸಿದ್ದಾರೆಯೇ ಎಂದು ಶಾಖೆಯಲ್ಲಿ ಕೇಳಿ, ಕೆಲವು ವಾರಗಳ ನಂತರ ಹೊಸ ಪಹಣಿ ತೆಗೆಸಿ ನೋಡಿ. ಆ ಕಾಲಂನಿಂದ ಬ್ಯಾಂಕಿನ ಹೆಸರು ಹೋದಾಗಲೇ ಕೆಲಸ ಮುಗಿದಂತೆ.

ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್ 13ರಂದು ಹೊರಡಿಸಿದ ಸೂಚನೆ ಬೆಳೆಸಾಲಕ್ಕಲ್ಲ, ವೈಯಕ್ತಿಕ ಸಾಲಗಳಿಗೆ ಸಂಬಂಧಿಸಿದ್ದು. ಅದರ ಪ್ರಕಾರ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನಗಳೊಳಗೆ ಬ್ಯಾಂಕ್ ಮೂಲ ಆಸ್ತಿಪತ್ರಗಳನ್ನು ಹಿಂದಿರುಗಿಸಿ, ನೋಂದಾಯಿಸಿದ ಋಣವನ್ನು ತೆಗೆಸಬೇಕು. ತಡ ಬ್ಯಾಂಕಿನಿಂದಲೇ ಆಗಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಯಾವ ಸಾಲವೇ ಆಗಲಿ, 2,273 ರೂಪಾಯಿ ಬಡ್ಡಿ ನಿಜವಾಗಿಯೂ ಉಳಿದಿದ್ದರೆ ಸಾಲ ತೀರಿದಂತಾಗುವುದಿಲ್ಲ. ಸಣ್ಣ ಬಾಕಿಯನ್ನು ನಿರ್ಲಕ್ಷಿಸಬಾರದು ಎನ್ನುವುದು ಇದಕ್ಕೇ.

ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ, cms.rbi.org.in ತಾಣದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಕೊಡಬಹುದು. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಸಾಲ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ್ದಾದರೆ ಈ ದಾರಿ ಇಲ್ಲ. ಆಗ ದೂರನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರಿಗೆ ಕೊಡಬೇಕು. ಎರಡೂ ಕಡೆ ಮೊಹರು ಹಾಕಿಸಿಕೊಂಡ ಆ ಅರ್ಜಿಯ ಪ್ರತಿ ಉಪಯೋಗಕ್ಕೆ ಬರುತ್ತದೆ.