ಗೋಣು ಹಿಡಿದ ಮುಂಜಾವು ಮತ್ತು ತಲೆಗಿಂಬಿನ ಎತ್ತರ

ಕಳೆದ ಚಳಿಗಾಲದ ಒಂದು ಮುಂಜಾನೆ ಮೊದಲ ತಾಸಿನ ತರಗತಿಯಲ್ಲಿ, ಹಿಂದಿನ ಬೆಂಚಿನ ವಿದ್ಯಾರ್ಥಿಯೊಬ್ಬನು ಕಪ್ಪುಹಲಗೆಯನ್ನು ನೋಡುವುದಕ್ಕೆ ಕತ್ತಿನ ಬದಲು ಇಡೀ ಮೈಯನ್ನೇ ತಿರುಗಿಸುತ್ತಿದ್ದುದು ಕಣ್ಣಿಗೆ ಬಿದ್ದಿತು. ಕೇಳಿದಾಗ, "ಗೋಣ ಹಿಡದೈತ್ರಿ ಸರ್, ಮಲಗಿ ಎದ್ದಾಗಿಂದ" ಎಂದನು. ಪಕ್ಕದಲ್ಲಿದ್ದ ಮರಾಠಿ ಮನೆಮಾತಿನ ಗೆಳೆಯನು "ಮಾನ ಅವಘಡಲೀ" ಎಂದು ಅದನ್ನೇ ತನ್ನ ಭಾಷೆಯಲ್ಲಿ ಹೇಳಿ ನಕ್ಕನು. ಮರಾಠಿಯಲ್ಲಿ 'ಮಾನ' ಎಂದರೆ ಕುತ್ತಿಗೆಯೂ ಹೌದು, ಗೌರವವೂ ಹೌದು; ಆ ದಿನ ಆ ಹುಡುಗನ ಎರಡೂ ಇಕ್ಕಟ್ಟಿಗೆ ಸಿಲುಕಿದ್ದವು.

ಆ ತಿಂಗಳಲ್ಲಿ ಅದು ಮೂರನೆಯ ಸಲವೆಂದು ತಿಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ನೋವು ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದು. ಎದ್ದಾಗ ಬಹಳ, ಸ್ನಾನ ಮಾಡಿ ಓಡಾಡಿದ ಮೇಲೆ ಕಡಿಮೆ, ಮಧ್ಯಾಹ್ನಕ್ಕೆ ಇನ್ನೂ ಕಡಿಮೆ ಎಂದನು. ಇದು ಉಪಯುಕ್ತವಾದ ಸುಳಿವು. ದಿನವಿಡೀ ಪುಸ್ತಕದ ಮೇಲೋ ಮೊಬೈಲಿನ ಮೇಲೋ ಬಾಗಿದುದರಿಂದ ಬರುವ ನೋವು ಸಾಮಾನ್ಯವಾಗಿ ಸಂಜೆಗೆ ಏರುತ್ತದೆ. ಮುಂಜಾನೆ ಏರಿದ್ದು ಹೊತ್ತು ಕಳೆದಂತೆ ಇಳಿಯುವ ನೋವಾದರೆ, ಮೊದಲು ಹಾಸಿಗೆಯ ಕಡೆಗೆ ನೋಡಬೇಕು.

ನಮ್ಮ ಕುತ್ತಿಗೆಯಲ್ಲಿ ಏಳು ಕಶೇರುಕಗಳಿವೆ. ನಿಂತಾಗ ಅವು ನೆಟ್ಟಗೆ ಕಂಬದಂತೆ ಇರುವುದಿಲ್ಲ. ಮುಂದಕ್ಕೆ ಕೊಂಚ ಉಬ್ಬಿದ ಬಾಗು ಅಲ್ಲಿರುತ್ತದೆ. ಸುಮಾರು ನಾಲ್ಕೈದು ಕಿಲೋ ತೂಗುವ ತಲೆಯನ್ನು ಎಚ್ಚರದಲ್ಲಿರುವಾಗ ಸ್ನಾಯುಗಳು ಹಿಡಿದು ನಿಲ್ಲಿಸುತ್ತವೆ. ಕತ್ತು ಓರೆಯಾಗಿ ನಾಲ್ಕು ನಿಮಿಷವಾದರೆ ನಮಗೆ ಅರಿವಿಲ್ಲದೆಯೇ ಸರಿಪಡಿಸಿಕೊಳ್ಳುತ್ತೇವೆ. ನಿದ್ರೆಯಲ್ಲಿ ಸ್ನಾಯುಗಳು ಸಡಿಲಗೊಳ್ಳುತ್ತವೆ. ಆಗ ತಲೆಯ ಓರೆಯನ್ನು ತಡೆಯುವ ಹೊರೆ ಕೀಲುಗಳ ಸುತ್ತಲಿನ ಪೊರೆಗೂ ಅಸ್ಥಿಬಂಧಗಳಿಗೂ ಬೀಳುತ್ತದೆ. ಗಂಟೆಗಟ್ಟಲೆ ಒಂದೇ ಕಡೆಗೆ ಎಳೆಯಲ್ಪಟ್ಟ ಅವು ಬೆಳಗಿನ ಹೊತ್ತಿಗೆ ಕೆರಳಿರುತ್ತವೆ. ಅವುಗಳನ್ನು ಕಾಯಲೆಂದು ಸ್ನಾಯುಗಳು ಬಿಗಿದುಕೊಳ್ಳುತ್ತವೆ. ನಾವು 'ಹಿಡಿದಿದೆ' ಎನ್ನುವುದು ಬಹುಮಟ್ಟಿಗೆ ಈ ಬಿಗಿತವನ್ನೇ.

ಹಾಗಾದರೆ ಅದೇ ದಿಂಬಿನ ಮೇಲೆ ನಿನ್ನೆ ಮಲಗಿದಾಗ ಏಕೆ ಆಗಲಿಲ್ಲ? ನಾವು ರಾತ್ರಿಯಲ್ಲಿ ಹಲವು ಬಾರಿ ಮಗ್ಗುಲು ಬದಲಿಸುತ್ತೇವೆ. ಆ ಹೊರಳುವಿಕೆಯೇ ಕತ್ತಿಗೆ ಬಿಡುವು. ಜಾತ್ರೆಯಲ್ಲಿ ತಿರುಗಿ ಬಂದೋ, ಪರೀಕ್ಷೆಗೆ ನಿದ್ದೆಗೆಟ್ಟೋ ದಣಿದು ಬಿದ್ದ ರಾತ್ರಿ ಹೊರಳುವುದು ಕಡಿಮೆಯಾಗಬಹುದು. ಅಂಥ ರಾತ್ರಿ, ಎಂದಿನಿಂದ ಇದ್ದ ದಿಂಬಿನ ದೋಷವು ಹೊರಬೀಳುತ್ತದೆ.

ನಮ್ಮ ಕಡೆಯ 'ತಲೆಗಿಂಬು' ಎಂಬ ಮಾತನ್ನು ಬಿಡಿಸಿದರೆ ತಲೆಗೆ ಇಂಬು ಎಂದಾಗುತ್ತದೆ. ಇಂಬು ಎಂದರೆ ಎಡೆ, ಆಸರೆ. ಪದ ಚೆನ್ನಾಗಿದೆ, ಆದರೆ ವಸ್ತುವಿನ ಕೆಲಸ ಅದಕ್ಕಿಂತ ಕೊಂಚ ಹೆಚ್ಚು. ಮಗ್ಗುಲಾಗಿ ಮಲಗಿದಾಗ ಭುಜವು ಹಾಸಿಗೆಗೆ ತಾಗುತ್ತದೆ, ತಲೆ ಮೇಲೆಯೇ ಉಳಿಯುತ್ತದೆ. ಇವೆರಡರ ನಡುವಿನ ತೆರಪನ್ನು ತುಂಬುವುದೇ ದಿಂಬಿನ ಕೆಲಸ, ಮತ್ತು ಆ ತೆರಪು ತಲೆಯ ಕೆಳಗೆ ಮಾತ್ರವಲ್ಲ, ಕತ್ತಿನ ಕೆಳಗೂ ಇರುತ್ತದೆ.

ಆ ಹುಡುಗನು ಮಲಗುವುದು ಬಲಮಗ್ಗುಲಲ್ಲಿ, ವಸತಿಗೃಹದ ಮಂಚದ ಹಲಗೆಯ ಮೇಲೆ ಹಾಸಿದ ಒಂದು ಕೌದಿಯ ಮೇಲೆ. ಅವನ ಭುಜದಿಂದ ಭುಜಕ್ಕೆ ಅಗಲ 42 ಸೆಂಟಿಮೀಟರು, ತಲೆಯ ಅಗಲ 15. ಎರಡರ ವ್ಯತ್ಯಾಸ 27. ಅದರ ಅರ್ಧ, ಅಂದರೆ ಹದಿಮೂರೂವರೆ, ಒಂದು ಬದಿಯ ತೆರಪು. ಮಲಗಿದಾಗ ಭುಜ ತುಸು ಒಳಸರಿಯುತ್ತದೆ, ಹಾಸಿಗೆಯೂ ತುಸು ತಗ್ಗುತ್ತದೆ. ಅದಕ್ಕೆ ಎರಡು ಮೂರು ಸೆಂಟಿಮೀಟರು ಕಳೆದರೂ ಅವನಿಗೆ ಹತ್ತು ಹನ್ನೊಂದರಷ್ಟು ಎತ್ತರ ಬೇಕು. ಅವನ ಹತ್ತಿಯ ದಿಂಬು ಹಳೆಯದು. ಹತ್ತಿ ಗಂಟುಕಟ್ಟಿ, ತಲೆಯ ಭಾರಕ್ಕೆ ಐದಕ್ಕೆ ಇಳಿಯುತ್ತಿತ್ತು. ಹೀಗೆ ರಾತ್ರಿಯಿಡೀ ತಲೆ ಬಲಕ್ಕೆ ಜೋತು, ಕತ್ತಿನ ಎಡಬದಿ ಎಳೆಯಲ್ಪಡುತ್ತಿತ್ತು. ನೋವೂ ಎಡಬದಿಯಲ್ಲೇ ಇತ್ತು. ಇಲ್ಲಿ ಗಮನಿಸಬೇಕಾದುದು, ಅಂಗಡಿಯಲ್ಲಿ ಕಾಣುವ ಎತ್ತರ ಲೆಕ್ಕಕ್ಕೆ ಬಾರದು; ತಲೆಯಿಟ್ಟ ಮೇಲೆ ಉಳಿಯುವ ಎತ್ತರವೇ ಎತ್ತರ. ಮೆತ್ತನೆಯ ಗಾದಿಯ ಮೇಲಾದರೆ ಭುಜ ಆಳಕ್ಕಿಳಿಯುವುದರಿಂದ ಅದೇ ಹುಡುಗನಿಗೆ ತಗ್ಗಿನ ದಿಂಬು ಸಾಕಾಗುತ್ತಿತ್ತು. ಆದ್ದರಿಂದ ಎಲ್ಲರಿಗೂ ಒಪ್ಪುವ ಒಂದೇ ಅಳತೆ ಇಲ್ಲ.

ಅಳತೆಪಟ್ಟಿಯಿಲ್ಲದೆಯೂ ಇದನ್ನು ಪರೀಕ್ಷಿಸಬಹುದು. ಮಗ್ಗುಲಾಗಿ ಮಲಗಿ, ಕೋಣೆಯ ಗೆಳೆಯನಿಂದ ಎದುರಿನಿಂದ ಮೊಬೈಲಿನಲ್ಲಿ ಒಂದು ಚಿತ್ರ ತೆಗೆಸಿಕೊಳ್ಳಿರಿ. ಹಣೆ, ಮೂಗು, ಗದ್ದ, ಎದೆಯ ನಡುವೆಲುಬು ಒಂದೇ ಸರಳ ರೇಖೆಯಲ್ಲಿದ್ದು ಅದು ಹಾಸಿಗೆಗೆ ಸಮಾನಾಂತರವಾಗಿರಬೇಕು. ಮೂಗು ಹಾಸಿಗೆಯ ಕಡೆಗೆ ಇಳಿದಿದ್ದರೆ ದಿಂಬು ತಗ್ಗು, ಮೇಲಕ್ಕೆ ಏರಿದ್ದರೆ ಎತ್ತರ. ನಾವು ಮಾಡಿದ ಉಪಾಯ ಇಷ್ಟೇ: ಸೊಲ್ಲಾಪುರದ ಚಾದರವೊಂದನ್ನು ಮಡಿಕೆಯ ಮೇಲೆ ಮಡಿಕೆಯಾಗಿ ದಿಂಬಿನ ಕೆಳಗೆ ಇಡುತ್ತ, ಆ ರೇಖೆ ನೆಟ್ಟಗಾದಾಗ ನಿಲ್ಲಿಸಿದೆವು. ದಿಂಬಿನ ಅಂಚು ಭುಜಕ್ಕೆ ತಾಗುವಂತೆ ಇರಬೇಕು; ಭುಜವೇ ದಿಂಬನ್ನೇರಿದರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ಕೈಯನ್ನು ದಿಂಬಿನ ಕೆಳಗೆ ತೂರಿಸುವ ಅಭ್ಯಾಸವೂ ಹಾಗೆಯೇ; ಅನೇಕ ವೇಳೆ ಅದು ದಿಂಬು ತಗ್ಗಾಗಿದೆ ಎಂದು ಮೈ ತಾನೇ ಕೊಡುವ ದೂರು.

ಅಂಗಾತ ಮಲಗುವವರ ಮಾತು ಬೇರೆ. ಅವರಿಗೆ ಭುಜದ ತೆರಪಿಲ್ಲ; ಅದೇ ಎತ್ತರದ ದಿಂಬು ಗದ್ದವನ್ನು ಎದೆಯ ಕಡೆಗೆ ತಳ್ಳುತ್ತದೆ. ತಗ್ಗಾದ ದಿಂಬಿನ ಗವಸಿನೊಳಗೆ, ಕತ್ತಿನ ಬಾಗು ಬರುವ ಅಂಚಿಗೆ, ಸಣ್ಣ ಟವೆಲೊಂದನ್ನು ಸುರುಳಿ ಸುತ್ತಿ ಇಟ್ಟರೆ ತಲೆ ಏರದೆ ಕತ್ತಿಗೆ ಮಾತ್ರ ಆಸರೆ ಸಿಗುತ್ತದೆ. ಬೋರಲಾಗಿ ಮಲಗುವವರಿಗೆ ನನ್ನಲ್ಲಿ ಒಳ್ಳೆಯ ಮಾತಿಲ್ಲ: ಉಸಿರಾಡಲು ಮುಖವನ್ನು ಒಂದು ಕಡೆಗೆ ಪೂರ್ತಿ ತಿರುಗಿಸಲೇಬೇಕು, ಕತ್ತು ತಿರುಚಿಯೇ ಇರುತ್ತದೆ. ಅಭ್ಯಾಸ ಬಿಡದಿದ್ದರೆ ತೀರ ತೆಳುವಾದ ದಿಂಬು ಲೇಸು. ಎದೆಗೊಂದು ದಿಂಬನ್ನು ಅಪ್ಪಿಕೊಂಡರೆ ಕ್ರಮೇಣ ಮಗ್ಗುಲಿಗೆ ಒಗ್ಗಿಕೊಳ್ಳಬಹುದು.

ನನ್ನ ಅಜ್ಜಿ ಗೋಣು ಹಿಡಿದವರ ತಲೆಗಿಂಬನ್ನು ಬಿಸಿಲಿಗೆ ಹಾಕಿಸುತ್ತಿದ್ದಳು. ನಾನು ಮೂಢನಂಬಿಕೆಯೆಂದು ನಗುತ್ತಿದ್ದೆ. ಒದ್ದೆಗಟ್ಟಿದ ಹತ್ತಿಯು ಬಿಸಿಲಿಗೆ ಒಣಗಿ, ಬಡಿದಾಗ ಉಬ್ಬಿ ಎತ್ತರ ಪಡೆಯುತ್ತದೆ ಎಂಬುದು ಹೊಳೆಯಲು ನನಗೆ ಐವತ್ತು ದಾಟಬೇಕಾಯಿತು. ಕ್ಷೌರದಂಗಡಿಯಲ್ಲಿ ಕತ್ತನ್ನು ತಟ್ಟನೆ ತಿರುಚಿ ಲಟಿಕೆ ತೆಗೆಸುವ ಇನ್ನೊಂದು ಮದ್ದನ್ನು ಮಾತ್ರ ಬೇಡವೆನ್ನುತ್ತೇನೆ. ಕಶೇರುಕಗಳೊಳಗಿಂದ ಮಿದುಳಿಗೆ ಏರುವ ರಕ್ತನಾಳಗಳಿವೆ. ಹಾಗೆ ತಿರುಚಿದಾಗ, ವಿರಳವಾಗಿಯಾದರೂ, ಅವುಗಳಿಗೆ ಗಾಯವಾಗಿ ಪಾರ್ಶ್ವವಾಯು ತಗಲಬಹುದು. ಬಿಸಿನೀರಿನ ಶಾಖ, ನೋವಿನ ಮಿತಿಯೊಳಗೆ ನಿಧಾನವಾಗಿ ಕತ್ತು ಆಡಿಸುವುದು, ಇಷ್ಟರಿಂದ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಇಳಿಯದಿದ್ದರೆ, ಅಥವಾ ನೋವು ತೋಳಿಗೆ ಹರಿದು ಬೆರಳು ಜೋಮುಹಿಡಿದರೆ, ಕೈಯ ಹಿಡಿತ ಸಡಿಲವಾದರೆ, ನಡಿಗೆ ತಪ್ಪಿದರೆ ದಿಂಬಿನ ವಿಚಾರ ಬಿಟ್ಟು ವೈದ್ಯರನ್ನು ಕಾಣಬೇಕು. ಬಿದ್ದು ಪೆಟ್ಟಾದ ಮೇಲಿನ ಕತ್ತುನೋವಿಗೂ ಇದೇ ಮಾತು. ಜ್ವರ, ತೀವ್ರ ತಲೆನೋವಿನ ಜೊತೆಗೆ ಗದ್ದವನ್ನು ಎದೆಗೆ ತಾಗಿಸಲಾಗದಷ್ಟು ಬಿಗಿತವಿದ್ದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಅದು ಮಿದುಳುಪೊರೆಯ ಸೋಂಕಾಗಿರಬಹುದು.

ಆ ಹುಡುಗನು ಎರಡು ವಾರ ಚಾದರದ ಮಡಿಕೆಯ ಮೇಲೆಯೇ ಮಲಗಿದನು. ಆಮೇಲೆ ಊರಿಗೆ ಹೋದಾಗ ತಾಯಿಯಿಂದ ದಿಂಬನ್ನು ಬಿಚ್ಚಿಸಿ, ಹತ್ತಿ ಹಿಂಜಿಸಿ ಹೊಸದಾಗಿ ತುಂಬಿಸಿಕೊಂಡು ಬಂದನು. ಹೊಸ ಹತ್ತಿ ಉಬ್ಬಿ ಎತ್ತರ ಹೆಚ್ಚಾದ್ದರಿಂದ ಮೂರನೆಯ ದಿನ ಕತ್ತಿನ ಬಲಬದಿ ನೋಯಿತಂತೆ. ಎರಡು ಹಿಡಿ ಹತ್ತಿಯನ್ನು ತೆಗೆದು ಹಾಕಿದನು.